ಪ್ಯಾರಾ ಕೆಳಗಿನ ಪದಾರ್ಥ

ಹೊರನಾಡಿನಲ್ಲಿ ಬೆಳೆದು ಈಗ ಕನ್ನಡ ಕಲಿಯುತ್ತಿರುವವರು ಊರಿನ ಬಂಧುಗಳಿಗೆ ಪತ್ರ ಬರೆಯುವಾಗ ಒಂದು ಕೋರಿಕೆ ಸೇರಿಸಬಹುದು: ಉತ್ತರ ಕನ್ನಡದಲ್ಲೇ ಇರಲಿ, ಪ್ರತಿ ಪ್ಯಾರಾ ಮುಗಿದ ಮೇಲೆ ಅದರ ಕಠಿಣ ಪದಗಳಿಗೆ ಇಂಗ್ಲಿಷ್ ಅರ್ಥ ಇರಲಿ. ಪಟ್ಟಿ ಪತ್ರದ ಕೊನೆಯಲ್ಲಿದ್ದರೆ ಓದುಗರು ಪುಟ ತಿರುಗಿಸುವಷ್ಟರಲ್ಲಿ ವಾಕ್ಯದ ಎಳೆ ತಪ್ಪುತ್ತದೆ. ಪಕ್ಕದಲ್ಲೇ ಇದ್ದರೆ ಕಣ್ಣು ಮೊದಲು ಅರ್ಥದ ಕಡೆಗೇ ಓಡುತ್ತದೆ.

ಪಟ್ಟಿಯಲ್ಲಿ ಪದವನ್ನು ಯಾವ ರೂಪದಲ್ಲಿ ಕೊಡಬೇಕು ಎಂಬುದೇ ಇಲ್ಲಿನ ನಿಜವಾದ ತೊಡಕು. ‘ಅಜ್ಜಿ ಹೊರಟಾಗ ಮಳೆ ಹಿಡಿದುಕೊಂಡಿತ್ತು’ ಎಂಬ ವಾಕ್ಯವನ್ನೇ ನೋಡಬಹುದು. ‘ಹೊರಟಾಗ’ ನಿಘಂಟಿನಲ್ಲಿ ಸಿಗದು. 1894ರ ಕಿಟ್ಟೆಲ್ ನಿಘಂಟಾಗಲಿ ಇಂದಿನದಾಗಲಿ, ಹುಡುಕಬೇಕಾದದ್ದು ‘ಹೊರಡು’ ಎಂಬ ಧಾತುವನ್ನು. ಹಾಗಾಗಿ ಪ್ಯಾರಾದಲ್ಲಿರುವ ರೂಪ, ಮೂಲರೂಪ, ಆಮೇಲೆ ಇಂಗ್ಲಿಷ್ ಅರ್ಥ, ಈ ಮೂರನ್ನೂ ಕೇಳಿ ಪಡೆಯುವುದು ಒಳ್ಳೆಯದು. ಕೂಡಿಕೊಂಡ ಪದಗಳಿಗೂ ಇದೇ ದಾರಿ: ‘ಊರೆಲ್ಲ’ ಎಂಬುದನ್ನು ‘ಊರು, ಎಲ್ಲ’ ಎಂದು ಬಿಡಿಸಿಯೇ ಕೊಡಬೇಕು.

‘ಹಿಡಿ’ ಪದಕ್ಕೆ ‘ಹೋಲ್ಡ್’ ಎಂದಷ್ಟೇ ಬರೆದರೆ ಮಳೆ ಏನನ್ನೋ ಕೈಯಲ್ಲಿ ಹಿಡಿದಂತಾಗುತ್ತದೆ. ಮಳೆ ಬಿಡದೆ ಸುರಿಯತೊಡಗಿತು ಎಂಬ ಅರ್ಥ ಬರುವುದು ಇಡೀ ನುಡಿಗಟ್ಟಿನಿಂದ. ಪಟ್ಟಿಗೆ ಸೇರಬೇಕಾದದ್ದೂ ಅದೇ.

ಯಾವುದು ಕಠಿಣ ಎಂಬುದು ಬರೆಯುವವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಅವರು ಸಂಸ್ಕೃತ ಪದಗಳನ್ನು ಗುರುತು ಹಾಕಿ, ‘ಅಂದಹಾಗೆ’, ‘ಸುಮ್ಮನೆ’ಗಳನ್ನು ಬಿಟ್ಟುಬಿಡುತ್ತಾರೆ. ಕಲಿಯುವವರು ಎಡವುವುದು ಬಹುಪಾಲು ಇಂಥವುಗಳಲ್ಲೇ. ಮೊದಲ ಉತ್ತರದಲ್ಲಿ ಅರ್ಥವಾಗದೆ ಉಳಿದ ಪದಗಳಿಗೆ ಅಡಿಗೆರೆ ಎಳೆದು ಮರಳಿ ಕಳುಹಿಸಿದರೆ ಮುಂದಿನ ಪಟ್ಟಿ ತಾನಾಗಿ ಸರಿಹೋಗುತ್ತದೆ.