ಪಾದದಲ್ಲಿ ಹುಟ್ಟಿ ಮುಂಗೈಯಲ್ಲಿ ಸಿಡಿಯುವ ಹೊಡೆತ

2017ರ ಜನವರಿ 10ರಂದು ಬೆಂಗಳೂರಿನಲ್ಲಿ ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗ್‌ನ ಪಂದ್ಯ ನಡೆಯುತ್ತಿತ್ತು. ಡೆನ್ಮಾರ್ಕಿನ ಡಬಲ್ಸ್ ಆಟಗಾರ ಮ್ಯಾಡ್ಸ್ ಪೀಲರ್ ಕೋಲ್ಡಿಂಗ್ ಹೊಡೆದ ಒಂದು ಸ್ಮ್ಯಾಶ್ ಗಂಟೆಗೆ 426 ಕಿಲೋಮೀಟರ್ ವೇಗದಲ್ಲಿ ಹೊರಟು ಗಿನ್ನೆಸ್ ದಾಖಲೆಗೆ ಸೇರಿತು. ಆರು ವರ್ಷಗಳ ಬಳಿಕ, 2023ರ ಏಪ್ರಿಲ್‌ನಲ್ಲಿ, ನಮ್ಮ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಜಪಾನಿನ ಸೋಕಾದಲ್ಲಿ 565 ಕಿಲೋಮೀಟರ್ ಮುಟ್ಟಿದರು. ಅದು ಪಂದ್ಯದಲ್ಲಿ ಅಲ್ಲ, ಅಳತೆಗೆಂದೇ ಏರ್ಪಡಿಸಿದ ಪರೀಕ್ಷೆಯಲ್ಲಿ. ಎರಡೂ ಕಡೆ ಅಳೆದದ್ದು ಶಟಲ್ ರ‍್ಯಾಕೆಟ್ಟಿನಿಂದ ಹೊರಡುವ ಕ್ಷಣದ ವೇಗವನ್ನು. ಹದಿನಾರು ಗರಿಗಳ ಶಟಲ್ ಗಾಳಿಗೆ ಸಿಕ್ಕ ತಕ್ಷಣ ನಿಧಾನವಾಗತೊಡಗುತ್ತದೆ, ಎದುರಾಳಿಯ ಬಳಿ ಬರುವಷ್ಟರಲ್ಲಿ ಆ ವೇಗದ ಬಹುಪಾಲು ಕರಗಿರುತ್ತದೆ.

ಐದು ಗ್ರಾಮಿನ ಆಸುಪಾಸು ತೂಗುವ ಶಟಲ್ಲಿಗೆ ಇಷ್ಟು ವೇಗ ಬರುವುದೆಲ್ಲಿಂದ? ನಮ್ಮ ಊರಿನ ಯಾವ ಕೋರ್ಟ್‌ನಲ್ಲಿ ಕೇಳಿದರೂ ಉತ್ತರ ಒಂದೇ: "ಎಲ್ಲಾ ರಿಸ್ಟ್‌ನಲ್ಲಿದೆ." ಮಣಿಕಟ್ಟನ್ನು ಪಟ್ಟನೆ ಬಗ್ಗಿಸಬೇಕು ಎಂದು ಹಿರಿಯರು ಹೇಳುತ್ತಾರೆ, ಮಕ್ಕಳು ಬಗ್ಗಿಸುತ್ತಾರೆ, ಶಟಲ್ ನೆಟ್ಟಿಗೆ ಬೀಳುತ್ತದೆ. ಹೇಳುವವರು ಸುಳ್ಳಾಡುತ್ತಿಲ್ಲ. ಅವರಿಗೆ ತಮ್ಮ ಕೈಯಲ್ಲಿ ಹಾಗೇ ಅನ್ನಿಸುತ್ತದೆ. ಆದರೆ ಅನ್ನಿಸುವುದು ಒಂದು, ಕೈ ನಿಜವಾಗಿ ಮಾಡುವುದು ಇನ್ನೊಂದು. ಕೆನಡಾದ ಬಾರ್ಬರಾ ಗೊವಿಟ್ಸ್ಕಿ ಮತ್ತು ಡೇವಿಡ್ ವಾಡೆಲ್ 1970ರ ದಶಕದಲ್ಲೇ ನುರಿತ ಆಟಗಾರರ ಹೊಡೆತಗಳನ್ನು ವೇಗದ ಫಿಲ್ಮಿನಲ್ಲಿ ಸೆರೆಹಿಡಿದು ಈ ಅಂತರವನ್ನು ತೋರಿಸಿದ್ದರು. ಹೊಡೆತದ ಕೊನೆಯಲ್ಲಿ ಮುಖ್ಯ ಕೆಲಸ ಮಾಡುತ್ತಿದ್ದದ್ದು ಮಣಿಕಟ್ಟಿನ ಬಾಗುವಿಕೆಯಲ್ಲ, ತೋಳು ಮತ್ತು ಮುಂಗೈಗಳ ತಿರುಚುವಿಕೆ.

ಅದನ್ನು ತಿಳಿಯಲು ಗಾಡಿ ಹೊಡೆಯುವವರ ಬಾರುಕೋಲನ್ನು ನೆನೆಯಿರಿ. ಕೈಯಲ್ಲಿರುವ ದಪ್ಪ ತುದಿ ಸ್ವಲ್ಪವೇ ಅಲುಗಾಡಿ ನಿಲ್ಲುತ್ತದೆ. ಆ ಚಲನೆ ಬಾರಿನುದ್ದಕ್ಕೂ ಹರಿದು, ತೆಳುವಾಗುತ್ತಾ ಹೋದಂತೆ ವೇಗ ಪಡೆದು, ತುದಿಯಲ್ಲಿ ಛಟೀರೆನ್ನುತ್ತದೆ. ಸ್ಮ್ಯಾಶ್‌ನಲ್ಲಿ ದೇಹವೂ ಹೀಗೇ ವರ್ತಿಸುತ್ತದೆ. ಭಾರವಾದ, ನಿಧಾನವಾದ ಭಾಗಗಳು ಮೊದಲು ಹೊರಡುತ್ತವೆ: ಕಾಲು, ಸೊಂಟ, ಎದೆ. ಒಂದೊಂದೂ ತನ್ನ ಓಟವನ್ನು ಮುಂದಿನದಕ್ಕೆ ಒಪ್ಪಿಸಿ ತಾನು ನಿಧಾನಿಸುತ್ತದೆ. ಹಗುರವಾದ ತೋಳು, ಮುಂಗೈ, ರ‍್ಯಾಕೆಟ್ಟಿನ ತಲೆ ಆಮೇಲೆ. ಎಲ್ಲವೂ ಒಟ್ಟಿಗೆ ಹೊರಟರೆ ಅದು ಬಾರುಕೋಲಲ್ಲ, ಬರೀ ಕೋಲು.

ಬಲಗೈ ಆಟಗಾರ್ತಿಯೊಬ್ಬರನ್ನು ಕಣ್ಣಮುಂದೆ ತಂದುಕೊಳ್ಳಿ. ಶಟಲ್ ಮೇಲೇರಿದೊಡನೆ ಅವರು ಅದರ ಹಿಂದಕ್ಕೆ ಹೋಗಿ, ಎಡ ಭುಜ ನೆಟ್ಟಿಗೆ ತೋರುವಂತೆ ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ. ಮೈಭಾರ ಹಿಂದಿನ ಬಲಗಾಲಿನ ಮೇಲಿದೆ, ಮಂಡಿ ತುಸು ಬಾಗಿದೆ, ಎಡಗೈ ಶಟಲ್ಲಿನತ್ತ ಚಾಚಿದೆ. ಬಲಗಾಲು ನೆಲವನ್ನು ತಳ್ಳಿದಾಗ ಮೊದಲು ತಿರುಗುವುದು ಸೊಂಟ. ಭುಜಗಳು ಒಂದು ಗಳಿಗೆ ಹಿಂದೆಯೇ ಉಳಿಯುತ್ತವೆ. ಈ ಹಿಂದುಳಿಯುವಿಕೆಯಲ್ಲೇ ಗುಟ್ಟಿದೆ. ಸೊಂಟ ಮುಂದೆ, ಭುಜ ಹಿಂದೆ ಆದಾಗ ಹೊಟ್ಟೆಯ ಓರೆಸ್ನಾಯುಗಳು ಎಳೆದ ರಬ್ಬರಿನಂತೆ ಹಿಗ್ಗುತ್ತವೆ, ಮರುಕ್ಷಣ ಕುಗ್ಗಿ ಎದೆಯನ್ನು ಸೆಳೆದು ತರುತ್ತವೆ. ಚಾಚಿದ ಎಡಗೈ ಎದೆಯತ್ತ ಮಡಚಿಕೊಂಡು ಆ ತಿರುವಿಗೆ ಇನ್ನಷ್ಟು ರಭಸ ಕೊಡುತ್ತದೆ.

ಎದೆ ಮುಂದಕ್ಕೆ ಬಂದಾಗ ಮೊಣಕೈ ಮೇಲೆದ್ದು ಮುನ್ನುಗ್ಗುತ್ತದೆ, ರ‍್ಯಾಕೆಟ್ಟಿನ ತಲೆ ಮಾತ್ರ ಬೆನ್ನ ಹಿಂದಕ್ಕೆ ಜೋತುಬೀಳುತ್ತದೆ. ಮಣಿಕಟ್ಟು ಹಿಂದಕ್ಕೆ ಬಾಗುವುದು ಇಲ್ಲೇ. ಬಹುಪಾಲು ಅದು ಬಾಗಿಸಿದ್ದಲ್ಲ, ತಾನಾಗಿ ಬಾಗಿದ್ದು. ಕೈ ಮುಂದೆ ಹೋಗುತ್ತಿರುವಾಗ ರ‍್ಯಾಕೆಟ್ ತನ್ನ ಜಡತ್ವದಿಂದ ಹಿಂದೆ ಉಳಿದಿದೆ, ಅಷ್ಟೆ. ಫೋಟೋಗಳಲ್ಲಿ ಈ ಭಂಗಿ ಎದ್ದು ಕಾಣುವುದರಿಂದಲೇ "ರಿಸ್ಟ್" ಎಂಬ ಮಾತು ಇಷ್ಟು ಬೇರೂರಿರಬೇಕು.

ಹಾರಿ ಹೊಡೆಯುವಾಗ ಒಂದು ತೊಡಕಿದೆ. ಗಾಳಿಯಲ್ಲಿರುವಾಗ ತಳ್ಳಲು ನೆಲವಿಲ್ಲ. ಕಾಲಿನ ಪಾಲು ಜಿಗಿತದಲ್ಲೇ ಮುಗಿದಿರಬೇಕು. ಅಲ್ಲಿಂದ ಮುಂದೆ ಎದೆ ಒಂದು ಕಡೆ ತಿರುಗಬೇಕಾದರೆ ಕಾಲುಗಳು ವಿರುದ್ಧ ದಿಕ್ಕಿಗೆ ಹೋಗಲೇಬೇಕು. ಒಳ್ಳೆಯ ಆಟಗಾರರ ಕಾಲುಗಳು ಮೇಲೆ ಕತ್ತರಿಯಂತೆ ಆಡುವುದು ಇದಕ್ಕೆ. ಜಿಗಿತದ ದೊಡ್ಡ ಲಾಭ ವೇಗಕ್ಕಿಂತ ಎತ್ತರ. ಎತ್ತರದಿಂದ ಹೊಡೆದಷ್ಟೂ ಶಟಲ್ ಕಡಿದಾಗಿ ಇಳಿಯುತ್ತದೆ.

ಈಗ ಮುಂಗೈಗೆ ಬರೋಣ. ಚೊಂಬನ್ನು ಬಲಗೈಯಲ್ಲಿ ನೆಟ್ಟಗೆ ಹಿಡಿದು ಎಡಕ್ಕೆ ಬಗ್ಗಿಸಿ ನೀರು ಸುರಿಯಿರಿ. ಹೆಬ್ಬೆರಳು ಮೇಲಿನಿಂದ ಎಡಕ್ಕೆ ಹೊರಳಿತು, ಅಂಗೈ ನೆಲ ನೋಡಿತು, ಮಣಿಕಟ್ಟು ಮಾತ್ರ ಬಾಗಲಿಲ್ಲ. ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳ ಬದಿಯದು ಇನ್ನೊಂದರ ಮೇಲೆ ಅಡ್ಡ ಹಾಯ್ದು ಹೊರಳಿದ್ದರಿಂದ ಹೀಗಾಯಿತು. ಇದೇ ಪ್ರೊನೇಷನ್, ಮುಂಗೈಯ ಒಳತಿರುವು. ಸ್ಮ್ಯಾಶ್‌ನಲ್ಲಿ ಇದರ ಜೊತೆಗೆ ಮೇಲ್ತೋಳೂ ಭುಜದ ಕೀಲಿನಲ್ಲಿ ಒಳಕ್ಕೆ ತಿರುಗುತ್ತದೆ. ಮೊಣಕೈ ನೀಳವಾದಾಗ ಎರಡೂ ಒಂದೇ ಗೆರೆಯ ಸುತ್ತ ನಡೆಯುವುದರಿಂದ ಕಣ್ಣಿಗೆ ಒಂದೇ ತಿರುವಾಗಿ ಕಾಣುತ್ತದೆ. ಎದೆ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳ ಬಲ ರ‍್ಯಾಕೆಟ್ಟಿಗೆ ತಲುಪುವುದು ಈ ದಾರಿಯಲ್ಲೇ.

ಬರಿಯ ತಿರುವಿನಿಂದ ವೇಗ ಹೇಗೆ ಬಂದೀತು? ರ‍್ಯಾಕೆಟ್ ಮುಂಗೈಯ ನೇರದಲ್ಲೇ ಇದ್ದರೆ ಖಂಡಿತ ಬರುವುದಿಲ್ಲ. ಸ್ಕ್ರೂಡ್ರೈವರ್ ತಿರುಗಿಸಿದಂತೆ ರ‍್ಯಾಕೆಟ್ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಮುಂಗೈಗೂ ರ‍್ಯಾಕೆಟ್ಟಿಗೂ ನಡುವೆ ಕೋನವಿದ್ದರೆ ಮಾತ್ರ ಅದರ ತಲೆ ಗಾಳಿಯಲ್ಲಿ ಕಮಾನು ಬರೆಯುತ್ತದೆ. ಒಂದು ಅಂದಾಜು ಲೆಕ್ಕ ಮಾಡೋಣ. ಹಿಡಿಕೆಯಿಂದ ಶಟಲ್ ತಗಲುವ ಜಾಗಕ್ಕೆ 50 ಸೆಂಟಿಮೀಟರ್ ಇರಲಿ, ರ‍್ಯಾಕೆಟ್ ಮುಂಗೈಯ ಗೆರೆಯಿಂದ 40 ಡಿಗ್ರಿ ವಾಲಿರಲಿ. ಆಗ ಆ ಜಾಗ ತಿರುಗುವ ಗೆರೆಯಿಂದ 32 ಸೆಂಟಿಮೀಟರ್ ದೂರದಲ್ಲಿರುತ್ತದೆ. ಮುಂಗೈ ಕಾಲು ಸುತ್ತು ತಿರುಗಿದರೆ ಅದು ಸುಮಾರು 50 ಸೆಂಟಿಮೀಟರ್ ಸಾಗುತ್ತದೆ. ಈ ತಿರುವು ಸೆಕೆಂಡಿನ ನೂರರಲ್ಲಿ ಮೂರು ಪಾಲಿನಲ್ಲಿ ಮುಗಿದರೆ ಸಿಗುವ ವೇಗ ಗಂಟೆಗೆ 60 ಕಿಲೋಮೀಟರ್. ತೋಳು ಆಗಲೇ ಕೊಟ್ಟ ವೇಗದ ಜೊತೆ ಇದು ಸೇರುತ್ತದೆ. ಕೋನವನ್ನು 20 ಡಿಗ್ರಿಗೆ ಇಳಿಸಿದರೆ ಲಾಭ ಅರ್ಧದಷ್ಟಾಗುತ್ತದೆ, ಸೊನ್ನೆಗೆ ಇಳಿಸಿದರೆ ಲಾಭವೂ ಸೊನ್ನೆ.

ಹಾಗಾದರೆ ಮಣಿಕಟ್ಟಿಗೆ ಕೆಲಸವೇ ಇಲ್ಲವೇ? ಇದೆ. ಈ ಕೋನವನ್ನು ಕಾಯುವುದು ಅದೇ. ಹಿಂದಕ್ಕೆ ಬಾಗಿದ್ದ ಮಣಿಕಟ್ಟು ಶಟಲ್ ತಗಲುವ ಹೊತ್ತಿಗೆ ನೇರದತ್ತ ಮರಳುತ್ತದೆ, ಆ ಮರಳುವಿಕೆಯೂ ಒಂದಿಷ್ಟು ವೇಗ ಸೇರಿಸುತ್ತದೆ. ಆದರೆ ಅದು ನೇರವನ್ನು ದಾಟಿ ಮುಂದಕ್ಕೆ ಮಡಚಿತೆಂದರೆ ರ‍್ಯಾಕೆಟ್ಟಿನ ಮುಖ ನೆಲ ನೋಡುತ್ತದೆ, ಶಟಲ್ ನೆಟ್ಟಿಗೆ ಹೋಗುತ್ತದೆ. ಬೆರಳುಗಳದ್ದೂ ಇದೇ ಕಥೆ. ಹಿಡಿತ ಸಡಿಲವಾಗಿದ್ದು ಕಟ್ಟಕಡೆಯಲ್ಲಿ ಬಿಗಿಯಾಗಬೇಕು. ಬೆರಳು ಬಿಗಿಯುವ ಸ್ನಾಯುಗಳು ಮುಂಗೈಯಲ್ಲೇ ಇರುವುದರಿಂದ ಮೊದಲೇ ಬಿಗಿದರೆ ಮುಂಗೈ ಹೊರಳಲು ತಡವರಿಸುತ್ತದೆ.

ಇದೆಲ್ಲ ನನಗೆ ಸ್ಪಷ್ಟವಾದದ್ದು ಬೆಳಗಿನ ಆಟದ ಒಬ್ಬ ಗೆಳೆಯನಿಂದ. ವಯಸ್ಸು ನಲವತ್ತು ದಾಟಿದೆ, ತೋಳಿನಲ್ಲಿ ಕಸುವಿದೆ, ಆದರೂ ಸ್ಮ್ಯಾಶ್ ಒಂದೋ ನೆಟ್ಟಿಗೆ, ಇಲ್ಲವೇ ಎದುರಾಳಿಯ ಎದೆಮಟ್ಟಕ್ಕೆ ತೇಲಿಕೊಂಡು. ಮೊಣಕೈ ನೋವೂ ಶುರುವಾಗಿತ್ತು. ಒಂದು ದಿನ ಫೋನನ್ನು ಪಕ್ಕದ ಗೆರೆಯ ಬಳಿ ಬೆಂಚಿನ ಮೇಲಿಟ್ಟು ಸ್ಲೋ ಮೋಷನ್‌ನಲ್ಲಿ ಚಿತ್ರಿಸಿದೆವು. ಸೆಕೆಂಡಿಗೆ 240 ಚಿತ್ರವೆಂದರೆ ಒಂದೊಂದು ಚಿತ್ರದ ನಡುವೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲು. ಒಂದೊಂದಾಗಿ ಸರಿಸುತ್ತಾ ಹೋದಾಗ ಮೂರು ಸಂಗತಿ ಕಂಡವು. ಎರಡೂ ಪಾದ ನೆಟ್ಟಿಗೆ ಮುಖಮಾಡಿ ಸಮನಾಗಿ ನಿಂತಿದ್ದವು. ಸೊಂಟ ಮತ್ತು ಭುಜ ಒಂದೇ ಚಿತ್ರದಲ್ಲಿ ಹೊರಟಿದ್ದವು, ಅಂದರೆ ಹಿಂದುಳಿಯುವಿಕೆಯೇ ಇರಲಿಲ್ಲ. ಕೊನೆಯಲ್ಲಿ ಮುಂಗೈ ತಿರುಗದೆ ಮಣಿಕಟ್ಟು ಮಾತ್ರ ಮಡಚಿತ್ತು.

ಮೂರನೆಯದಕ್ಕೆ ಕಾರಣ ಹಿಡಿತದಲ್ಲಿತ್ತು. ಅವನು ರ‍್ಯಾಕೆಟ್ಟನ್ನು ದೋಸೆ ಮಗುಚುವವರಂತೆ, ಮುಖ ನೇರ ನೆಟ್ಟಿಗೆ ತೋರುವಂತೆ ಹಿಡಿಯುತ್ತಿದ್ದ. ಹಾಗೆ ಹಿಡಿದಾಗ ಮುಂಗೈ ತಿರುಗಿದರೆ ಮುಖ ಪಕ್ಕಕ್ಕೆ ಹೋಗಿ ಶಟಲ್ ಸೀಳಿದಂತಾಗುತ್ತದೆ. ಆದ್ದರಿಂದ ಕೈ ತಿರುಗುವುದನ್ನೇ ಬಿಟ್ಟುಬಿಡುತ್ತದೆ. ಕೈಕುಲುಕುವಂತೆ ಹಿಡಿದರೆ ಲೆಕ್ಕ ಬದಲಾಗುತ್ತದೆ. ಆಗ ಶಟಲ್ಲಿನತ್ತ ಮೊದಲು ಹೊರಡುವುದು ರ‍್ಯಾಕೆಟ್ಟಿನ ಅಂಚು. ಮುಂಗೈ ತಿರುಗಿದಾಗಲಷ್ಟೇ ಮುಖ ಚಪ್ಪಟೆಯಾಗಿ ಶಟಲ್ಲನ್ನು ಎದುರಿಸುತ್ತದೆ. ತಿರುಗದಿದ್ದರೆ ಹೊಡೆತವೇ ಇಲ್ಲ, ಹಾಗಾಗಿ ಕೈ ತಿರುಗಲು ಕಲಿಯುತ್ತದೆ.

ನಾವು ತಿದ್ದಲು ಹೊರಟದ್ದು ಪಾದದಿಂದ. ಮೊದಲ ಎರಡು ವಾರ ಅವನು ಜೋರಾಗಿ ಹೊಡೆಯಲೇ ಇಲ್ಲ. ಪಕ್ಕಕ್ಕೆ ನಿಂತು, ಬಲಗಾಲು ತಳ್ಳಿ, ಸೊಂಟ ತಿರುಗಿದ ಮೇಲೆ ಭುಜ ಬರಲು ಬಿಡುವುದಷ್ಟೇ ಅಭ್ಯಾಸ. ಆಮೇಲೆ ಹೊಸ ಹಿಡಿತ. ಆರಂಭದಲ್ಲಿ ಶಟಲ್ ಬಲಕ್ಕೆ, ಎಡಕ್ಕೆ, ಒಮ್ಮೊಮ್ಮೆ ಫ್ರೇಮಿಗೆ ತಗಲಿ ಹಿಂದಕ್ಕೂ ಹೋಯಿತು. ಹೊಡೆತ ಮೊದಲಿಗಿಂತ ಕೆಟ್ಟಿದೆ ಎಂದು ಅವನಿಗನ್ನಿಸಿದ ದಿನಗಳೂ ಇದ್ದವು. ನಾನು ಪ್ರತಿ ಸಲ ನೋಡುತ್ತಿದ್ದದ್ದು ಶಟಲ್ ಎಲ್ಲಿ ಬಿತ್ತು ಎಂಬುದನ್ನಲ್ಲ, ಹೊಡೆದ ಮೇಲೆ ಕೈ ಎಲ್ಲಿ ನಿಂತಿತು ಎಂಬುದನ್ನು. ಮುಂಗೈ ನಿಜವಾಗಿ ತಿರುಗಿದ್ದರೆ ಶಟಲ್ ಹೋದ ಮರುಕ್ಷಣ ಅಂಗೈ ಹೊರಬದಿ ನೋಡುತ್ತದೆ, ಕೈ ಇಳಿಯುವಾಗ ಹೆಬ್ಬೆರಳು ನೆಲ ತೋರಿಸುತ್ತದೆ.

ಆರನೆಯ ವಾರದ ಒಂದು ಬೆಳಿಗ್ಗೆ ಶಬ್ದ ಬದಲಾಯಿತು. ತಪ್ಪೆಂದು ಮಂದವಾಗಿ ಕೇಳುತ್ತಿದ್ದ ತಂತಿ ಟಪ್ಪೆಂದು ಬಿರುಸಾಗಿ ಸಿಡಿಯಿತು, ಶಟಲ್ ಎದುರಾಳಿಯ ಮಂಡಿಯ ಕೆಳಗೆ ಇಳಿಯಿತು. "ಇವತ್ತು ಜೋರು ಹಾಕಲೇ ಇಲ್ಲ ಕಣೋ" ಎಂದ. ಫೋನಿನಲ್ಲಿ ಚಿತ್ರ ಸರಿಸಿ ತೋರಿಸಿದೆ. ಸೊಂಟ ಹೊರಟು ಕೆಲವು ಚಿತ್ರಗಳಾದ ಮೇಲೆ ಭುಜ, ಆಮೇಲೆ ಮೊಣಕೈ, ಎಲ್ಲಕ್ಕಿಂತ ಕೊನೆಗೆ ರ‍್ಯಾಕೆಟ್ಟಿನ ತಲೆ. ಕಡೆಯ ಚಿತ್ರದಲ್ಲಿ ಅವನ ಹೆಬ್ಬೆರಳು ನೆಲವನ್ನು ತೋರಿಸುತ್ತಿತ್ತು.