ಪಕ್ಕದ ಮನೆಗೆ ಪಾಯ, ನಮ್ಮ ಗೋಡೆಗೆ ಬಿರುಕು

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ದೊಡ್ಡ ಹಳ್ಳಿಗಳಲ್ಲಿ ಈಗ ಹಳೆಯ ಮನೆಗಳ ನಡುವೆಯೇ ಎರಡಂತಸ್ತಿನ ಕಟ್ಟಡಗಳು ಏಳುತ್ತಿವೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಬ್ಬರು ಓಡಾಡುವಷ್ಟು ಸಂದಿ ಇದ್ದರೆ ಅದೇ ಹೆಚ್ಚು. ಪಕ್ಕದವರು ಕಾಲಂ ಗುಂಡಿ ತೋಡಿಸಿದ ಹದಿನೈದು ದಿನಕ್ಕೆ ನಮ್ಮ ಗೋಡೆಯಲ್ಲಿ ಬಿರುಕು ಕಂಡರೆ ಮೊದಲು ಜಗಳ, ಆಮೇಲೆ ಸಿಮೆಂಟು. ಸಾಮಾನ್ಯವಾಗಿ ನಡೆಯುವುದು ಇಷ್ಟೆ. ಇವೆರಡಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಅದನ್ನು ತಿಳಿಸಲು ಇಲ್ಲೊಂದು ಮಾದರಿ ಕಾಗದವಿದೆ. ಮನೆ, ಯಜಮಾನರು, ಅಳತೆಗಳು ಎಲ್ಲವೂ ಉದಾಹರಣೆಗಾಗಿ ಇಟ್ಟುಕೊಂಡವು. ಎರೆಮಣ್ಣಿನ ಗುಣ ಮತ್ತು ಲೆಕ್ಕದ ನಿಯಮ ಮಾತ್ರ ನಿಜವಾದವು. ಸ್ಥಳ ನೋಡಿ ಬಂದ ಎಂಜಿನಿಯರೊಬ್ಬರು ಮನೆ ಯಜಮಾನರಿಗೆ ಬರೆದ ಕಾಗದ ಇದು ಎಂದು ಓದಿಕೊಳ್ಳಿ.

*

ಯಜಮಾನರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಮನೆ ನೋಡಿ ಬಂದೆ. ನೀವು ಕೇಳಿದ್ದು ಎರಡೇ ಪ್ರಶ್ನೆ: ಮನೆ ಬೀಳುತ್ತದೆಯೇ, ಇದು ಪಕ್ಕದವರಿಂದಲೇ ಆದದ್ದೇ. ಮೊದಲನೆಯದಕ್ಕೆ ಉತ್ತರ: ನಾನು ನೋಡಿದ ದಿನದ ಮಟ್ಟಿಗೆ ಬೀಳುವ ಲಕ್ಷಣ ಇಲ್ಲ. ಆದರೆ ಪೂರ್ವದ ಕೋಣೆಯಲ್ಲಿ ಸದ್ಯಕ್ಕೆ ಯಾರೂ ಮಲಗಬೇಡಿ. ಎರಡನೆಯದಕ್ಕೆ ಉತ್ತರ: ಒಂದು ಬಿರುಕು ಬಹುತೇಕ ಆ ಗುಂಡಿಯಿಂದಲೇ ಆದದ್ದು, ಇನ್ನೊಂದು ಅಲ್ಲ. ಹೇಗೆಂದು ವಿವರಿಸುತ್ತೇನೆ.

ಕಂಡದ್ದು ಏನು?

ನಿಮ್ಮದು 24 ವರ್ಷದ ಮನೆ. ಕಲ್ಲಿನ ಪಾಯ, ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ಪಾಯದ ಆಳ ಮೂರು ಅಡಿ. ಪೂರ್ವಕ್ಕೆ, ನಿಮ್ಮ ಪಾಯದ ಅಂಚಿನಿಂದ ಮೂರೇ ಅಡಿ ದೂರದಲ್ಲಿ ಆಗಸ್ಟ್ ತಿಂಗಳಲ್ಲಿ ಏಳು ಅಡಿ ಆಳದ ಗುಂಡಿ ತೋಡಿದ್ದಾರೆ. ಗುಂಡಿಯ ಗೋಡೆಗೆ ಹಲಗೆ ಕಟ್ಟಿಲ್ಲ. ಮಳೆ ನೀರು ನಿಂತಿತ್ತು. ತೆಗೆದ ಮಣ್ಣನ್ನು ಗುಂಡಿಯ ಅಂಚಿಗೇ, ಅದೂ ನಿಮ್ಮ ಮನೆಯ ಕಡೆಗೇ ರಾಶಿ ಹಾಕಿದ್ದಾರೆ.

ಮೊದಲ ಬಿರುಕು ಪೂರ್ವದ ಕೋಣೆಯ ಉತ್ತರ ಗೋಡೆಯಲ್ಲಿದೆ. ಕಿಟಕಿಯ ಮೇಲ್ಮೂಲೆಯಲ್ಲಿ ಕೂದಲೆಳೆಯಂತೆ ಶುರುವಾಗಿ, ಗುಂಡಿಯ ಕಡೆಗೆ ಓರೆಯಾಗಿ ಮೇಲೇರಿ, ಮಾಳಿಗೆಯ ಹತ್ತಿರ 3 ಮಿ.ಮೀ. ಅಗಲವಾಗಿದೆ. ಒಳಗೂ ಹೊರಗೂ ಕಾಣುತ್ತದೆ. ಅಂದರೆ ಒಡೆದಿರುವುದು ಬರೀ ಗಿಲಾಯಿಯಲ್ಲ, ಗೋಡೆ. ಬಿರುಕಿನ ಅಂಚುಗಳು ಚೂಪಾಗಿವೆ, ಒಳಗಿನ ಇಟ್ಟಿಗೆಯ ಬಣ್ಣ ಹೊಸದಾಗಿದೆ, ಧೂಳಿಲ್ಲ.

ಎರಡನೆಯದು ಪಡಸಾಲೆಯ ಪಶ್ಚಿಮ ಗೋಡೆಯದು. ಟಾರ್ಚ್ ಹಿಡಿದು ನೋಡಿದಾಗ ಅದರೊಳಗೆ ಹಳೆಯ ಸುಣ್ಣ ಇಳಿದಿರುವುದು, ಜೇಡರ ಬಲೆ ಕಟ್ಟಿರುವುದು ಕಂಡಿತು. ಸುಣ್ಣ ಬಳಿದ ದಿನ ಬಿರುಕು ಅಲ್ಲಿ ಇರದಿದ್ದರೆ ಸುಣ್ಣ ಒಳಗೆ ಹೋಗುತ್ತಿರಲಿಲ್ಲ. ಇದು ವರ್ಷಗಳ ಹಿಂದಿನದು. ಇದನ್ನು ಪಕ್ಕದವರ ಲೆಕ್ಕಕ್ಕೆ ಸೇರಿಸಬೇಡಿ; ಸೇರಿಸಿದರೆ ನಿಮ್ಮ ನಿಜವಾದ ದೂರಿನ ತೂಕವೂ ಕಡಿಮೆಯಾಗುತ್ತದೆ.

ಗುಂಡಿಯಿಂದಲೇ ಎಂದು ಹೇಗೆ ಹೇಳುವುದು?

ಮೂರು ಗುರುತುಗಳಿವೆ. ಒಂದು, ಬಿರುಕಿನ ದಿಕ್ಕು. ಓರೆ ಬಿರುಕಿಗೆ ಲಂಬವಾಗಿ ಒಂದು ಗೆರೆ ಎಳೆದು ಅದನ್ನು ಕೆಳಮುಖವಾಗಿ ಮುಂದುವರಿಸಿದರೆ, ಸಾಮಾನ್ಯವಾಗಿ ಅದು ಕುಸಿಯುತ್ತಿರುವ ಜಾಗದ ಕಡೆಗೆ ಬೊಟ್ಟು ಮಾಡುತ್ತದೆ. ನಿಮ್ಮ ಗೋಡೆಯಲ್ಲಿ ಆ ಗೆರೆ ಗುಂಡಿಯ ಪಕ್ಕದ ಮೂಲೆಗೇ ಹೋಗುತ್ತದೆ. ಮೂಲೆ ಕೆಳಗಿಳಿದು ಹೊರಕ್ಕೆ ವಾಲಿದಾಗ ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ ಆಗುತ್ತದೆ. ಇಲ್ಲಿಯೂ ಹಾಗೇ ಇದೆ.

ಎರಡು, ಕಾಲ. ನಿಮ್ಮದು ಎರೆಮಣ್ಣು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಕೈ ಹಿಡಿಸುವಷ್ಟು ಬಾಯಿ ಬಿಡುವುದನ್ನು ನೀವೇ ನೋಡಿದ್ದೀರಿ. ಆಳವಾದ ಎರೆಯಲ್ಲಿ ಈ ಉಬ್ಬು-ತಗ್ಗು ಸುಮಾರು ಮೂರೂವರೆ ಮೀಟರ್ ಆಳದವರೆಗೂ ಇರುತ್ತದೆ. ಮೂರು ಅಡಿ ಪಾಯದ ಮನೆ ಪ್ರತಿವರ್ಷ ಅದರ ಜೊತೆ ಏರಿಳಿಯುತ್ತದೆ. ಅದರಿಂದ ಆಗುವ ಬಿರುಕು ಸಾಮಾನ್ಯವಾಗಿ ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ. ನಿಮ್ಮ ಪಡಸಾಲೆಯ ಹಳೆಯ ಬಿರುಕು ಹಾಗೆಯೇ ಮಾಡುತ್ತದೆಂದು ಮನೆಯವರು ಹೇಳಿದರು. ಆದರೆ ಪೂರ್ವದ ಬಿರುಕು ತೆರೆದದ್ದು ಮಳೆಯ ನಡುವೆ, ಮಣ್ಣು ಉಬ್ಬಿರಬೇಕಾದ ಕಾಲದಲ್ಲಿ. ಇದು ಋತುವಿನ ಆಟವಲ್ಲ.

ಮೂರು, ಲೆಕ್ಕ. ಅಕ್ಕಪಕ್ಕದ ಎರಡು ಪಾಯಗಳು ಬೇರೆ ಬೇರೆ ಆಳದಲ್ಲಿದ್ದರೆ, ಮೇಲಿನದರ ತಳದಿಂದ ಕೆಳಗಿನದಕ್ಕೆ ಎಳೆದ ಇಳಿಜಾರು ಎರಡು ಅಡಿ ಅಡ್ಡಕ್ಕೆ ಒಂದು ಅಡಿ ಇಳಿತಕ್ಕಿಂತ ಕಡಿದಾಗಿರಬಾರದು ಎಂಬುದು ನಮ್ಮ ದೇಶದ ಪಾಯದ ಮಾನಕದಲ್ಲಿರುವ ಸ್ಥೂಲ ನಿಯಮ. ನಿಮ್ಮ ತಳ ಮೂರು ಅಡಿಗೆ, ಅವರದು ಏಳು ಅಡಿಗೆ. ವ್ಯತ್ಯಾಸ ನಾಲ್ಕು ಅಡಿ. ಹಾಗಾದರೆ ನಡುವೆ ಎಂಟು ಅಡಿ ಬೇಕು, ಇರುವುದು ಮೂರು. ಮೂರು ಅಡಿ ದೂರದಲ್ಲಿ ಆಧಾರ ಕಟ್ಟದೆ ಅವರು ಇಳಿಯಬಹುದಾಗಿದ್ದುದು ನಿಮ್ಮ ತಳಕ್ಕಿಂತ ಒಂದೂವರೆ ಅಡಿ, ಅಂದರೆ ನೆಲದಿಂದ ನಾಲ್ಕೂವರೆ ಅಡಿ. ನಿಮ್ಮ ಗೋಡೆಯ ಭಾರ ಹೊತ್ತ ಮಣ್ಣಿಗೆ ಪಕ್ಕದಲ್ಲಿ ಒತ್ತುಕೊಡುವ ಮಣ್ಣೇ ಇಲ್ಲವಾಯಿತು. ನಿಂತ ನೀರು ಗುಂಡಿಯ ಗೋಡೆಯನ್ನು ಮೆತ್ತಗೆ ಮಾಡಿತು. ಅಂಚಿನ ಮಣ್ಣಿನ ರಾಶಿ ಮೇಲಿಂದ ಒತ್ತಿತು.

ನಿಂತಿದೆಯೋ, ನಡೆಯುತ್ತಿದೆಯೋ?

3 ಮಿ.ಮೀ. ಬಿರುಕು ದೊಡ್ಡದಲ್ಲ. ಸುಮಾರು 5 ಮಿ.ಮೀ.ವರೆಗಿನ ಬಿರುಕುಗಳನ್ನು ಸಾಮಾನ್ಯವಾಗಿ ಗೌಂಡಿಯ ಕೆಲಸದಲ್ಲೇ ಸರಿಪಡಿಸಬಹುದು. ಆದರೆ ಅಗಲಕ್ಕಿಂತ ಮುಖ್ಯವಾದದ್ದು ಅದರ ನಡಿಗೆ. ಅದಕ್ಕೇ ಈಗಲೇ ಸಿಮೆಂಟು ತುಂಬಬೇಡಿ ಎಂದೆ. ತುಂಬಿದರೆ ಅಳೆಯುವ ದಾರಿಯೂ ಮುಚ್ಚುತ್ತದೆ, ಸಾಕ್ಷಿಯೂ ಮುಚ್ಚುತ್ತದೆ.

ಹಿಂದೆ ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸುತ್ತಿದ್ದರು. ಗಾಜು ಒಡೆದರೆ ಗೋಡೆ ಅಲುಗಿದೆ ಎಂದು ತಿಳಿಯುತ್ತದೆ, ಎಷ್ಟು ಎಂದು ತಿಳಿಯುವುದಿಲ್ಲ. ಪಿಯುಸಿ ಓದುವ ನಿಮ್ಮ ಮಗಳಿಗೆ ಇದಕ್ಕಿಂತ ಒಳ್ಳೆಯ ವಿಧಾನ ಗೊತ್ತಿದೆ. ಬಿರುಕಿನ ಎರಡೂ ಬದಿಗೆ, ಬಿರುಕಿಗೆ ಅಡ್ಡವಾಗಿ, ಸುಮಾರು 60 ಮಿ.ಮೀ. ಅಂತರದಲ್ಲಿ ಎರಡು ಸಣ್ಣ ಸ್ಕ್ರೂಗಳನ್ನು ಗಟ್ಟಿಯಾಗಿ ಕೂರಿಸಿ. ಗಿಲಾಯಿಯಲ್ಲಿ ಅಲ್ಲ, ಇಟ್ಟಿಗೆಯಲ್ಲಿ ಕೂರಬೇಕು. ಅವುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆಯಿರಿ. ಕಾಲೇಜಿನ ಪ್ರಯೋಗಶಾಲೆಯಲ್ಲಿರುವ ಸಾಧಾರಣ ವರ್ನಿಯರ್ 0.1 ಮಿ.ಮೀ. ತೋರಿಸುತ್ತದೆ, ಅಷ್ಟು ಸಾಕು. ಬಿಸಿಲಿಗೆ ಗೋಡೆ ಹಿಗ್ಗುವುದರಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಂದೇ ವೇಳೆಗೆ, ಒಬ್ಬರೇ ಅಳೆಯಲಿ. ಮೂರು ಸಲ ಅಳೆದು ಸರಾಸರಿ ಬರೆಯಲಿ.

ಮೊದಲ ವಾರ 61.2 ಬಂತು ಎನ್ನೋಣ. ಮುಂದೆ 61.7, 61.9, 62.0, 62.0 ಎಂದು ಬಂದರೆ ಹೆಚ್ಚಳ 0.5, 0.2, 0.1, ಸೊನ್ನೆ. ಮಣ್ಣು ಕೂತುಕೊಳ್ಳುತ್ತಿದೆ ಎಂದರ್ಥ, ಸಮಾಧಾನದ ಸಂಗತಿ. ಅದರ ಬದಲು ಪ್ರತಿ ವಾರ 0.5ರಂತೆ ಏರುತ್ತಲೇ ಹೋದರೆ ಅಥವಾ ಏರಿಕೆಯೇ ಹೆಚ್ಚುತ್ತಾ ಹೋದರೆ ನೆಲ ಇನ್ನೂ ಜಾರುತ್ತಿದೆ. ಕೂಡಲೇ ನನ್ನನ್ನು ಕರೆಸಿ.

ಇವು ಕಂಡರೆ ಭಾನುವಾರದವರೆಗೆ ಕಾಯಬೇಡಿ: ಒಂದೇ ದಿನದಲ್ಲಿ ಬಿರುಕು ಕಣ್ಣಿಗೆ ಕಾಣುವಷ್ಟು ಅಗಲವಾಗುವುದು, ಬಾಗಿಲು ಇದ್ದಕ್ಕಿದ್ದಂತೆ ಸಿಕ್ಕಿಕೊಳ್ಳುವುದು, ತೂಗುಗುಂಡು ಬಿಟ್ಟು ನೋಡಿದಾಗ ಗೋಡೆ ವಾಲಿರುವುದು, ಗುಂಡಿಗೂ ನಿಮ್ಮ ಗೋಡೆಗೂ ನಡುವಿನ ನೆಲದಲ್ಲಿ ಉದ್ದ ಸೀಳು ಬೀಳುವುದು. ಆಗ ಮನೆ ಮಂದಿಯೆಲ್ಲ ಹೊರಬನ್ನಿ. ಸಾಮಾನಿನ ಚಿಂತೆ ಆಮೇಲೆ.

ಈಗ ಮಾಡಬೇಕಾದದ್ದು

ಮೊದಲು ಪಕ್ಕದವರ ಮನೆಗೆ ಹೋಗಿ. ಕೇಳಬೇಕಾದದ್ದು ಪರಿಹಾರವನ್ನಲ್ಲ, ಗುಂಡಿಯ ವ್ಯವಸ್ಥೆಯನ್ನು. ಅಂಚಿನ ಮಣ್ಣನ್ನು ಇವತ್ತೇ ದೂರ ಸಾಗಿಸಲಿ. ನೀರನ್ನು ಹೊರಹಾಕಿ, ಮತ್ತೆ ಒಳಗಿಳಿಯದಂತೆ ಬದು ಕಟ್ಟಲಿ. ಗುಂಡಿಯ ಗೋಡೆಗೆ ಹಲಗೆ ಮತ್ತು ಅಡ್ಡ ಆನಿಕೆ ಕೊಡಿಸಲಿ. ಈ ಕೆಲಸ ಅವರ ಎಂಜಿನಿಯರ್ ನಿಂತು ಮಾಡಿಸಬೇಕಾದದ್ದು, ಅನುಭವವಿಲ್ಲದವರು ಗುಂಡಿಗೆ ಇಳಿಯಬಾರದು. ಕಾಂಕ್ರೀಟು ಬೇಗ ಮುಗಿಸಿ, ಗುಂಡಿಯನ್ನು ಗರಸು ಮಣ್ಣಿನಿಂದ ಅರ್ಧ ಅಡಿಯ ಪದರ ಪದರವಾಗಿ ದಮ್ಮಸು ಮಾಡಿ ತುಂಬಲಿ. ತೆಗೆದ ಎರೆಮಣ್ಣನ್ನೇ ಸುರಿದರೆ ಅದು ಮುಂದೆ ಮತ್ತೆ ಉಬ್ಬಿ ಕುಗ್ಗುತ್ತದೆ. ಉಳಿದ ಗುಂಡಿಗಳನ್ನು ಒಟ್ಟಿಗೆ ತೋಡದೆ ಒಂದು ಮುಗಿಸಿ ಇನ್ನೊಂದನ್ನು ತೋಡಲಿ. ಇದರಲ್ಲಿ ಅವರ ಹಿತವೂ ಇದೆ. ನಿಮ್ಮ ಗೋಡೆ ಜಾರಿದರೆ ಬೀಳುವುದು ಅವರ ಕೂಲಿಗಳ ಮೇಲೆ.

ಮಾತಿಗೆ ಬೆಲೆ ಸಿಗದಿದ್ದರೆ ಬರವಣಿಗೆ. ಹಳ್ಳಿಯಲ್ಲಿ ಮನೆ ಕಟ್ಟಲು 1993ರ ಪಂಚಾಯತ್ ರಾಜ್ ಕಾನೂನಿನಂತೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಆದ್ದರಿಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿಯಲ್ಲಿ ಬೈಗುಳ ಬೇಡ. ಗುಂಡಿಯ ಆಳ, ದೂರ, ತೋಡಿದ ದಿನ, ಬಿರುಕು ಕಂಡ ದಿನ, ವಾರದ ಅಳತೆಗಳು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ತೆಗೆದ ಫೋಟೋ, ಇಷ್ಟು ಸಾಕು.

ಕಾನೂನು ಕೂಡ ಈ ವಿಷಯದಲ್ಲಿ ಮಾತಾಡುತ್ತದೆ. 1882ರ ಅನುಭೋಗ ಹಕ್ಕುಗಳ ಕಾಯಿದೆ ಖಾಲಿ ನೆಲಕ್ಕೆ ಪಕ್ಕದ ನೆಲದ ಆಸರೆ ಸಹಜ ಹಕ್ಕು ಎನ್ನುತ್ತದೆ. ನೆಲದ ಮೇಲೆ ಮನೆಯ ಭಾರ ಇದ್ದಾಗ ಆ ಆಸರೆಯನ್ನು ತಡೆಯಿಲ್ಲದೆ 20 ವರ್ಷ ಪಡೆದಿರಬೇಕು. ನಿಮ್ಮ ಮನೆಗೆ 24 ತುಂಬಿದೆ. ಮನೆ ಕಟ್ಟಿದ ವರ್ಷದ ಕಾಗದಪತ್ರ, ತೆರಿಗೆ ರಸೀದಿ ಹುಡುಕಿಡಿ. ಕೋರ್ಟಿನ ದಾರಿ ಬೇಕೇ ಎಂಬುದನ್ನು ವಕೀಲರು ಹೇಳಲಿ.

ದುರಸ್ತಿ ಯಾವಾಗ?

ಗುಂಡಿ ಮುಚ್ಚಿ, ಅಳತೆ ನಿಂತು, ಒಂದು ಬೇಸಿಗೆ ಒಂದು ಮಳೆಗಾಲ ಕಳೆಯಲಿ. ಎರೆಮಣ್ಣಿನಲ್ಲಿ ಒಂದು ವರ್ಷದ ಅಳತೆ ಇಲ್ಲದೆ ಬಿರುಕು ನಿಂತಿತೆಂದು ಹೇಳಲಾಗದು. ಆಮೇಲೆ ಬಿರುಕನ್ನು ಕೆತ್ತಿ, ತೊಳೆದು, ಒಡೆದ ಇಟ್ಟಿಗೆ ಬದಲಿಸಿ, ಸುಣ್ಣ ಬೆರೆಸಿದ ಮೃದು ಗಾರೆಯಿಂದ ತುಂಬಿಸಿ. ಸಿಮೆಂಟು ಜಾಸ್ತಿ ಹಾಕಿದ ಗಟ್ಟಿ ಗಾರೆ ಗೋಡೆಯ ಜೊತೆ ಹೊಂದದೆ ಪಕ್ಕದಲ್ಲೇ ಮತ್ತೊಂದು ಬಿರುಕು ತರುತ್ತದೆ. ಅಲ್ಲಿಯವರೆಗೆ ಮಾಳಿಗೆಯ ಕಡೆ ಬಿರುಕಿನೊಳಗೆ ಮಳೆ ನೀರು ಇಳಿಯದಂತೆ ಹೊರಗಿನಿಂದ ಪ್ಲಾಸ್ಟಿಕ್ ಹಾಳೆಯ ಮರೆ ಮಾಡಿ. ಬಚ್ಚಲ ನೀರನ್ನು ಆ ಮೂಲೆಗೆ ಬಿಡಬೇಡಿ.

ಇಂತಿ ನಿಮ್ಮ ವಿಶ್ವಾಸಿ.

*

ಕಾಗದ ಇಲ್ಲಿಗೆ ಮುಗಿಯಿತು. ಪಕ್ಕದ ನಿವೇಶನಕ್ಕೆ ಈಗಷ್ಟೇ ಗೂಟ ಹೊಡೆಯುತ್ತಿದ್ದಾರೆ ಎಂದಾದರೆ ನಿಮ್ಮ ಕೆಲಸ ಇನ್ನೂ ಸುಲಭ. ಗುಂಡಿ ತೋಡುವ ಮುನ್ನ ಎರಡೂ ಮನೆಯವರು ಸೇರಿ ಗೋಡೆಗಳನ್ನು ಸುತ್ತಿ ನೋಡಿ, ಇರುವ ಬಿರುಕುಗಳ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ, ದಿನಾಂಕ ಬರೆದು, ಫೋಟೋ ತೆಗೆದು, ಒಂದು ಹಾಳೆಯಲ್ಲಿ ಇಬ್ಬರೂ ಸಹಿ ಮಾಡಿಕೊಳ್ಳಿ. ಹಳೆಯ ಬಿರುಕು ಯಾವುದು, ಹೊಸದು ಯಾವುದು ಎಂದು ಮುಂದೆ ವಾದಿಸುವ ಅಗತ್ಯ ಬೀಳುವುದಿಲ್ಲ.