ಬೋರ್‌ವೆಲ್ಲೋ ಟ್ಯಾಂಕರೋ: ಅಡಿ ಲೆಕ್ಕ, ಲೀಟರ್ ಲೆಕ್ಕ

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಸಾಲುಸಾಲಾಗಿ ಬತ್ತಿದಾಗ ಜಿಲ್ಲಾಡಳಿತವೇ ಟ್ಯಾಂಕರ್ ನೀರಿಗೆ ದರ ಕಟ್ಟಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, ಹತ್ತು ಕಿಲೋಮೀಟರ್‌ವರೆಗೆ 750. ಆ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಸುಸ್ತಾದ ಎಷ್ಟೋ ಮನೆಗಳಲ್ಲಿ ಒಂದೇ ಮಾತು: ನಮ್ಮದೇ ಬೋರ್ ಕೊರೆಸಿಬಿಡೋಣ. ಆದರೆ ಒಂಟಿ ಮನೆಗೆ ಬೋರ್ ನಿಜಕ್ಕೂ ಅಗ್ಗವೇ?

ಐದು ಜನರ ಮನೆ ಎಂದುಕೊಳ್ಳೋಣ. ತಲೆಗೆ ದಿನಕ್ಕೆ 135 ಲೀಟರ್‌ನಂತೆ ತಿಂಗಳಿಗೆ ಸುಮಾರು 20,000 ಲೀಟರ್ ಬೇಕು. ಆರು ಸಾವಿರ ಲೀಟರ್ ಲೋಡಿಗೆ ವರ್ಷದ ಸರಾಸರಿ 1,000 ರೂಪಾಯಿ ಹಿಡಿದರೆ ತಿಂಗಳಿಗೆ 3,300, ವರ್ಷಕ್ಕೆ 40,000 ರೂಪಾಯಿ.

ಇನ್ನು ಬೋರ್. ಬೆಂಗಳೂರಿನ ಕೆಳಗಿರುವುದು ಗಟ್ಟಿ ಕಲ್ಲು. ನೀರು ಸಿಗುವುದು ಅದರ ಬಿರುಕುಗಳಲ್ಲಿ ಮಾತ್ರ. ಮೇಲಿನ ಸಡಿಲ ಮಣ್ಣು ಕುಸಿಯದಂತೆ ಕಲ್ಲು ಸಿಗುವವರೆಗೆ ಕೇಸಿಂಗ್ ಪೈಪ್ ಇಳಿಸಬೇಕು, ಅದರ ಹಣ ಬೇರೆ. ಕೊರೆತದ ದರ ಎಲ್ಲ ಅಡಿಗೂ ಒಂದೇ ಅಲ್ಲ. ಮೊದಲ 300 ಅಡಿಗೆ ಅಡಿಗೆ 100 ರೂಪಾಯಿ ಹೇಳಿದವರು ಆಮೇಲೆ ನೂರು ನೂರು ಅಡಿಗೂ ಏರಿಸುತ್ತ ಹೋಗುತ್ತಾರೆ. ಹಾಗೆ 800 ಅಡಿಗೆ 98,000 ರೂಪಾಯಿ ಎನ್ನೋಣ. ಅರವತ್ತು ಅಡಿ ಕೇಸಿಂಗ್‌ಗೆ 30,000, ಮೋಟಾರು, ಪೈಪು, ಕೇಬಲ್, ಪ್ಯಾನೆಲ್ ಮತ್ತು ಇಳಿಸುವ ಕೂಲಿ ಸೇರಿ 1,12,000. ಒಟ್ಟು 2,40,000. ಇವು ಲೆಕ್ಕಕ್ಕೆಂದು ಹಿಡಿದ ದರಗಳು. ಊರಿಂದೂರಿಗೆ, ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತವೆ. ಹಾಗಾಗಿ ಗಾಡಿ ಬರುವ ಮೊದಲೇ ಕೊನೆಯ ಅಡಿಯವರೆಗಿನ ದರವನ್ನು ಬರೆಸಿಕೊಳ್ಳಬೇಕು.

ಕರೆಂಟ್ ಬಿಲ್ಲಿಗೆ ಹೆದರಬೇಕಿಲ್ಲ. ಎಂಟುನೂರು ಅಡಿಯಿಂದ ಸಾವಿರ ಲೀಟರ್ ಎತ್ತಲು ಎರಡು ಯೂನಿಟ್‌ಗಿಂತ ಹೆಚ್ಚು ಬೇಕಾಗದು. ಮೋಟಾರು ಸುಟ್ಟರೆ ಮೇಲೆತ್ತಿ ವೈಂಡಿಂಗ್ ಮಾಡಿಸುವ ಖರ್ಚೂ ಸೇರಿ ವರ್ಷಕ್ಕೆ 10,000 ಎಂದುಕೊಂಡರೆ, ಟ್ಯಾಂಕರ್‌ಗೆ ಹೋಲಿಸಿದಾಗ ಉಳಿಯುವುದು 30,000. ಹಾಕಿದ ಹಣ ಮರಳಲು ಎಂಟು ವರ್ಷ! ಮೊದಲ ಬೋರ್ ಫೇಲಾಗಿ ಎರಡನೆಯದು ಕೊರೆಸಿದರೆ ಹನ್ನೆರಡು ವರ್ಷವೂ ಸಾಲದು. ಅಷ್ಟು ಕಾಲ ಆ ಬೋರ್‌ನಲ್ಲಿ ನೀರಿರುತ್ತದೆಂಬ ಭರವಸೆ ಯಾರೂ ಕೊಡಲಾರರು.

ಹೆಚ್ಚಿನವರು ಸೋಲುವುದು ಕೊರೆಯುವ ರಾತ್ರಿ. ಆರುನೂರು ಅಡಿ ದಾಟಿದೆ, ಬೋರಿನಿಂದ ಇನ್ನೂ ಬರೀ ಒಣ ದೂಳು ಏಳುತ್ತಿದೆ. ‘ಇನ್ನೊಂದು ನೂರು ಅಡಿ ನೋಡೋಣ ಸಾರ್’ ಎನ್ನುತ್ತಾನೆ ಗಾಡಿಯವನು. ಇಷ್ಟು ಹಾಕಿ ಈಗ ಬಿಡುವುದೇ ಎಂದು ಮನೆಯವರ ಮನಸ್ಸೂ ಎಳೆಯುತ್ತದೆ. ಅದೇ ದುಬಾರಿ ಅಡಿಗಳ ಭಾಗ. ಅಕ್ಕಪಕ್ಕದ ಬೋರ್‌ಗಳಲ್ಲಿ ಎಷ್ಟು ಅಡಿಗೆ ನೀರು ಬಿತ್ತು, ಈ ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡಿತು ಎಂದು ಮೊದಲೇ ವಿಚಾರಿಸಿ, ನಿಲ್ಲಿಸುವ ಅಡಿಯನ್ನು ಹಗಲಿನಲ್ಲೇ ನಿರ್ಧರಿಸಿಕೊಳ್ಳುವುದು ಕ್ಷೇಮ.

ನೀರು ಬಿದ್ದ ಮೇಲೂ ‘ಎರಡು ಇಂಚು’ ಎಂಬ ಮಾತನ್ನು ಸರಿಯಾಗಿ ತಿಳಿಯಬೇಕು. ಅದು ಪೈಪಿನ ಗಾತ್ರವಲ್ಲ, ‘ವಿ’ ಆಕಾರದ ಕಚ್ಚಿನ ಮೇಲೆ ಹರಿಯುವ ನೀರಿನ ಎತ್ತರ. ಒಂದು ಇಂಚೆಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚೆಂದರೆ ದುಪ್ಪಟ್ಟಲ್ಲ, ಸುಮಾರು 2,900 ಲೀಟರ್. ಒಂದು ಮನೆಗೆ ಒಂದು ಇಂಚೇ ಧಾರಾಳ.

ಆದ್ದರಿಂದ ಬೋರ್‌ನ ಲೆಕ್ಕ ಕೂಡುವುದು ಹಂಚಿಕೊಂಡಾಗ. ಇಂಥದೇ ನಾಲ್ಕು ಮನೆಗಳು ಸೇರಿದರೆ ಟ್ಯಾಂಕರ್‌ಗೆ ಹೋಗುವ ವರ್ಷದ 1,60,000ದಲ್ಲಿ ಬೋರ್ ಖರ್ಚು 25,000 ಕಳೆದರೂ ಹಾಕಿದ್ದು ಎರಡು ವರ್ಷದೊಳಗೆ ಮರಳುತ್ತದೆ. ಒಂದು ಬೋರ್ ಫೇಲಾದರೂ ಮೂರು ವರ್ಷ ಮೀರದು. ದಿನಕ್ಕೆ ಬೇಕಾದ 2,700 ಲೀಟರ್‌ಗೆ ಎರಡು ಇಂಚಿನ ಬೋರ್ ಒಂದು ಗಂಟೆ ಓಡಿದರೆ ಸಾಕು.

ಒಂಟಿ ಮನೆಯವರು ಟ್ಯಾಂಕರ್‌ನಲ್ಲೇ ಉಳಿದರೆ ಹಣ ಹಾಕಬೇಕಾದದ್ದು ಸಂಪಿಗೆ. ನಾಲ್ಕು ಸಾವಿರ ಲೀಟರ್ ಸಂಪಿನವರು ಆರು ಸಾವಿರದ ಲೋಡಿಗೆ ಪೂರ್ತಿ ಹಣ ಕೊಟ್ಟು ಉಳಿದ ನೀರನ್ನು ವಾಪಸ್ ಕಳಿಸುತ್ತಾರೆ. ಎರಡು ಮೀಟರ್ ಉದ್ದ, ಅಗಲ, ಆಳದ ಸಂಪಿನಲ್ಲಿ 8,000 ಲೀಟರ್ ಹಿಡಿಯುತ್ತದೆ. ಅದರಲ್ಲಿ ಅಳತೆಯೂ ಸುಲಭ: ಆರು ಸಾವಿರ ಲೀಟರ್ ಬಿದ್ದರೆ ನೀರು ಒಂದೂವರೆ ಮೀಟರ್ ಏರಬೇಕು. ಕೋಲಿಳಿಸಿ ನೋಡಿದಾಗ ಒಂದೂಕಾಲು ಮೀಟರ್ ಮಾತ್ರ ಏರಿದ್ದರೆ ಸಾವಿರ ಲೀಟರ್ ಕಡಿಮೆ ಬಂದಿದೆ. ಓವರ್‌ಹೆಡ್ ಟ್ಯಾಂಕ್ ಒಂದು ದಿನಕ್ಕಾಗುವಷ್ಟು, ಅಂದರೆ 1,000 ಲೀಟರ್‌ನದು ಸಾಕು. ತುಂಬಿದಾಗ ನೀರೇ ಒಂದು ಟನ್ ತೂಗುವುದರಿಂದ ಅದನ್ನು ಬರೀ ಸ್ಲ್ಯಾಬಿನ ನಡುವೆ ಇಡದೆ ಪಿಲ್ಲರ್, ಬೀಮಿನ ಮೇಲೆ ಕೂರಿಸಬೇಕು.

ಕೊರೆಸುವುದೇ ಸರಿಯೆಂದು ಕಂಡರೆ ಬೆಂಗಳೂರಿನಲ್ಲಿ ಜಲಮಂಡಳಿಯ ಅನುಮತಿ ಬೇಕು. ಅರ್ಜಿಗೆ ಹೋದಾಗಲೇ ಬೀದಿಗೆ ಕಾವೇರಿ ಸಂಪರ್ಕದ ಸ್ಥಿತಿಯನ್ನೂ ಕೇಳಬೇಕು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದೆ. ಇನ್ನೆರಡು ವರ್ಷದಲ್ಲಿ ನಲ್ಲಿ ನೀರು ಬರುವುದಿದ್ದರೆ, ಎಂಟು ವರ್ಷ ಬೇಡುವ ಬೋರ್‌ಗೆ ಈಗ 2,40,000 ಹಾಕುವ ಬದಲು ಎರಡು ವರ್ಷದ ಟ್ಯಾಂಕರ್‌ಗೆ 80,000 ಕೊಡುವುದೇ ಲಾಭ.